ಚಿಪ್ ಕೀಳದೆ ಹೊಲದಾಗೇ ಪ್ರೋಗ್ರಾಂ ಬದಲಿ ಮಾಡಾಕ ಬರ್ತೈತೇನ್ರಿ? ಸೀರಿಯಲ್ ಬೂಟ್‌ಲೋಡರ್ ಬಗ್ಗೆ ಕೇಳೋದೈತಿ

ಎಡದಂಡೆ, ಸಿಂಧನೂರು

ಎಲ್ಲರಿಗೂ ನಮಸ್ಕಾರ್ರಿ. ನಾನು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಾಂವ, ಎರಡು ವರ್ಷದಿಂದ ಪಂಪ್‌ಸೆಟ್ ಸ್ಟಾರ್ಟರ್‌ಗೆ ಕೂಡ್ಸೋ ಸಣ್ಣ ಬೋರ್ಡ್ ನಾನೇ ಮಾಡಿ ಕೊಡಾಕತ್ತೀನಿ. ಫೋನ್ ಹಚ್ಚಿದ್ರ ಮೋಟರ್ ಚಾಲು, ಮತ್ತ ಹಚ್ಚಿದ್ರ ಬಂದ್, ಒಂದು ಫೇಸ್ ಹೋದ್ರ ತಾನ ಬಂದ್, ಇಷ್ಟ ಅದರ ಕೆಲ್ಸ. ಒಳಗ ಎಟಿಮೆಗಾ 328ಪಿ ಚಿಪ್ ಐತಿ, 16 ಮೆಗಾಹರ್ಟ್ಸ್ ಕ್ರಿಸ್ಟಲ್, ಒಂದು ಜಿಎಸ್‌ಎಂ ಮಾಡ್ಯೂಲ್, ಒಂದು ರಿಲೇ. ಕಾರಟಗಿ, ಮಸ್ಕಿ, ಸಿಂಧನೂರು ಸುತ್ತ ಒಟ್ಟು 22 ಬೋರ್ಡ್ ಕುಂತಾವ.

ಈಗ ತ್ರಾಸು ಏನಂದ್ರ ಪ್ರೋಗ್ರಾಂನಾಗ ಲೋ ವೋಲ್ಟೇಜ್ ಲಿಮಿಟ್ ನಾನು ಜಾಸ್ತಿ ಇಟ್ಟುಬಿಟ್ಟೀನಿ, ಬ್ಯಾಸಿಗ್ಯಾಗ ಎಲ್ಲರ ಮೋಟರ್ ಒಮ್ಮೆಲೆ ಚಾಲು ಆದಾಗ ವೋಲ್ಟೇಜ್ ಇಳಿತೈತಿ, ಮೋಟರ್ ಸುಮ್‌ಸುಮ್ನೆ ಬಂದ್ ಆಗ್ತೈತಿ, ರೈತರು ಬೈಯಾಕತ್ತಾರ. ಬದಲಿ ಮಾಡಬೇಕಂದ್ರ ಒಂದೊಂದು ಹೊಲಕ್ಕ ಹೋಗಿ ಸಾಕೆಟ್‌ನಿಂದ ಚಿಪ್ ಕಿತ್ತು ಅಂಗಡಿಗೆ ತಂದು ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್‌ನಾಗ ಹಾಕಿ ಬರೆದು ಮತ್ತ ಹೋಗಿ ಕೂಡ್ಸಬೇಕು. ಆಗ್ಲೇ ಎರಡು ಚಿಪ್ಪಿನ ಕಾಲು ಮುರದಾವ್ರಿ. ಬೋರ್ಡ್ ಮ್ಯಾಲೆನೇ ಪ್ರೋಗ್ರಾಮರ್ ಹಚ್ಚಾಕ ಆಗಂಗಿಲ್ಲ, ಯಾಕಂದ್ರ ಅದರ ಕ್ಲಾಕ್ ಬರೋ 19ನೇ ಕಾಲಿಗೇ ರಿಲೇ ಕೊಟ್ಟೀನಿ.

ಆರ್ಡುಯಿನೋ ಊನೋ ಬೋರ್ಡ್‌ನಾಗ ಇದ ಚಿಪ್ ಇರ್ತೈತಲ್ರಿ, ಅದಕ್ಕ ಬರೇ ಕೇಬಲ್ ಚುಚ್ಚಿದ್ರ ಪ್ರೋಗ್ರಾಂ ಹೋಗ್ತೈತಿ. ನನ್ನ ಬೋರ್ಡ್‌ನಾಗೂ ಟೆಸ್ಟಿಂಗ್‌ಗಂತ ನಾಕು ಪಿನ್ನಿನ ಹೆಡರ್ ಬಿಟ್ಟೀನಿ, ಆರ್‌ಎಕ್ಸ್, ಟಿಎಕ್ಸ್, 5 ವೋಲ್ಟ್, ಗ್ರೌಂಡ್. ಅದರಾಗೇ ಮಾಡಾಕ ಬರ್ತೈತೇನು? ಮತ್ತ ನಂಗ ತಿಳಿವಲ್ದಾಗಿದ್ದು ಏನಂದ್ರ, ಓಡ್ತಿರೋ ಚಿಪ್ ತನ್ನ ಪ್ರೋಗ್ರಾಂ ತಾನ ಹೆಂಗ ಅಳಿಸಿ ಬರ್ಕೊಂತೈತಿ? ಕುಂತ ಕೊಂಬಿ ಕಡಿದಂಗ ಆಗಂಗಿಲ್ಲೇನು?

ರಿಪೇರಿ ಅಣ್ಣ, ರಾಯಚೂರು

ಬರ್ತದ ತಮ್ಮಾ, ಭಾಳ ಸಲೀಸು. 328ಪಿ ಚಿಪ್‌ನಾಗ ಬೂಟ್‌ಲೋಡರ್ ಮೊದಲೇ ಇರ್ತದ. ಯುಎಸ್‌ಬಿ ಟಿಟಿಎಲ್ ಕನ್ವರ್ಟರ್ ಒಂದು ತಗೋ, ಅದರ ಟಿಎಕ್ಸ್ ಇದರ ಆರ್‌ಎಕ್ಸ್‌ಗೆ, ಇದರ ಟಿಎಕ್ಸ್ ಅದರ ಆರ್‌ಎಕ್ಸ್‌ಗೆ, ಅಪ್‌ಲೋಡ್ ಒತ್ತು, ಮುಗೀತು. ನಾನು ಅಂಗಡ್ಯಾಗ ದಿನಾ ಮಾಡ್ತೀನಿ, ಪ್ರೋಗ್ರಾಮರ್ ಮುಟ್ಟಿ ಎಷ್ಟೋ ವರ್ಷ ಆಯ್ತು.

ಲ್ಯಾಬ್ ಮೇಡಂ, ಬಳ್ಳಾರಿ

ರಿಪೇರಿ ಅಣ್ಣ ಹೇಳಿದ ವೈರಿಂಗ್ ಸರಿ, ಆದ್ರೆ ಬೂಟ್‌ಲೋಡರ್ ಮೊದಲೇ ಇರುತ್ತೆ ಅನ್ನೋದು ಅವರು ಕೊಳ್ಳೋ ಚಿಪ್‌ಗೆ ಮಾತ್ರ ನಿಜ. ಊನೋಗೆ ಅಂತ ಅಂಗಡೀಲಿ ಮಾರೋ ಚಿಪ್‌ಗೆ ಯಾರೋ ಮೊದಲೇ ಬರೆದು ಕೊಟ್ಟಿರ್ತಾರೆ. ಫ್ಯಾಕ್ಟರಿಯಿಂದ ಬರೋ 328ಪಿ ಪೂರ್ತಿ ಖಾಲಿ. ಎಡದಂಡೆ ಅವರು ಖಾಲಿ ಚಿಪ್ ತಂದು ಯುಎಸ್‌ಬಿಎಎಸ್‌ಪಿಯಲ್ಲಿ ನೇರವಾಗಿ ಬರೆದಿದ್ದಾರೆ ಅಂದ್ಮೇಲೆ ಅವರ 22 ಚಿಪ್‌ನಲ್ಲಿ ಯಾವುದ್ರಲ್ಲೂ ಬೂಟ್‌ಲೋಡರ್ ಇಲ್ಲ. ಹಾಗಾಗಿ ಒಂದು ಸಲ, ಕೊನೇ ಸಲ, ಪ್ರೋಗ್ರಾಮರ್‌ಗೆ ಹಾಕ್ಲೇಬೇಕು. ಇದನ್ನ ತಪ್ಪಿಸೋಕಾಗಲ್ಲ.

ಕೊಂಬೆ ಕಡಿಯೋ ಪ್ರಶ್ನೆ ಚೆನ್ನಾಗಿದೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಬರೀತೀನಿ. ಚಿಪ್‌ನ ಫ್ಲ್ಯಾಶ್ 32 ಕೆಬಿ ಇದೆ. ಅದು ಒಂದೇ ಹೊಲ ಅಂದ್ಕೊಳ್ಳಿ, ತುದೀಲಿ ಒಂದು ಬದು ಹಾಕಿ ಸಣ್ಣ ತುಂಡು ಬೇರೆ ಮಾಡಿದ್ದಾರೆ. ಆ ತುಂಡಲ್ಲಿ ಬೂಟ್‌ಲೋಡರ್ ಕೂತಿರುತ್ತೆ, ಆಪ್ಟಿಬೂಟ್ ಹಾಕಿದ್ರೆ ಬರೀ 512 ಬೈಟ್, `0x7E00` ಇಂದ ಕೊನೆವರೆಗೆ. ಮಿಕ್ಕಿದ್ದು 32,256 ಬೈಟ್ ನಿಮ್ಮ ಪ್ರೋಗ್ರಾಂಗೆ. ಫ್ಲ್ಯಾಶ್ ಬರೆಯೋಕೆ ಈ ಚಿಪ್‌ನಲ್ಲಿ ಎಸ್‌ಪಿಎಂ ಅಂತ ಒಂದೇ ಒಂದು ಇನ್‌ಸ್ಟ್ರಕ್ಷನ್ ಇದೆ, ಅದು ಬದುವಿನ ಆಚೆ ತುಂಡಲ್ಲಿ ನಿಂತು ಹೇಳಿದ್ರೆ ಮಾತ್ರ ಕೆಲಸ ಮಾಡುತ್ತೆ. ನಿಮ್ಮ ಪ್ರೋಗ್ರಾಂ ಒಳಗೆ ಅದನ್ನ ಬರೆದ್ರೂ ಏನೂ ಆಗಲ್ಲ. ಅಂದ್ರೆ ಕಡಿಯೋನು ಬೇರೆ ಕೊಂಬೆ ಮೇಲೆ ಕೂತಿರ್ತಾನೆ, ತಾನು ಕೂತಿರೋದನ್ನ ಅವನು ಮುಟ್ಟಲ್ಲ.

ರಿಸೆಟ್ ಆದ ತಕ್ಷಣ ಚಿಪ್ ಮೊದಲು ಬೂಟ್‌ಲೋಡರ್‌ಗೆ ಹಾರುತ್ತೆ. ಅದು ಒಂದು ಸೆಕೆಂಡು ಸೀರಿಯಲ್ ಲೈನ್ ಕಡೆ ಕಿವಿ ಕೊಟ್ಟು ಕಾಯುತ್ತೆ. ಲ್ಯಾಪ್‌ಟಾಪ್‌ನಲ್ಲಿರೋ ಎವಿಆರ್‌ಡ್ಯೂಡ್ ಎರಡು ಬೈಟ್ ಕಳಿಸುತ್ತೆ, `0x30 0x20`, ಇದ್ದೀಯೇನಪ್ಪ ಅಂದಂಗೆ. ಬೂಟ್‌ಲೋಡರ್ `0x14 0x10` ಅಂತ ವಾಪಸ್ ಹೇಳಿದ್ರೆ ಮಾತು ಕೂಡ್ತು. ಆಮೇಲೆ ಚಿಪ್ ಯಾವುದು ಅಂತ ಕೇಳುತ್ತೆ, `1E 95 0F` ಅಂತ ಉತ್ತರ ಬಂದ್ರೆ ಅದು 328ಪಿ. ಆಮೇಲೆ 128 ಬೈಟ್‌ನ ಒಂದೊಂದು ಪೇಜ್ ಕಳಿಸ್ತಾ ಹೋಗುತ್ತೆ, ಬೂಟ್‌ಲೋಡರ್ ಆ ಪೇಜ್ ಅಳಿಸಿ, ಬಂದಿದ್ದನ್ನ ಬರೆದು, ಮುಂದಿನದು ಕಳಿಸು ಅನ್ನುತ್ತೆ. 20 ಕೆಬಿ ಪ್ರೋಗ್ರಾಂ ಅಂದ್ರೆ 160 ಪೇಜ್. ಎಲ್ಲಾ ಮುಗಿದ ಮೇಲೆ ಎವಿಆರ್‌ಡ್ಯೂಡ್ ಪೂರ್ತಿ ಓದಿ ತಾಳೆ ನೋಡುತ್ತೆ. ಆ ಒಂದು ಸೆಕೆಂಡಲ್ಲಿ ಯಾರೂ ಮಾತಾಡಿಸದಿದ್ರೆ ಬೂಟ್‌ಲೋಡರ್ ಸುಮ್ನೆ ನಿಮ್ಮ ಪ್ರೋಗ್ರಾಂಗೆ ದಾರಿ ಬಿಡುತ್ತೆ.

ಪ್ರೋಗ್ರಾಮರ್ ಮಾಡೋ ಕೆಲಸ ಬೇರೆ ತರ. ಅದು ಚಿಪ್‌ನ ರಿಸೆಟ್‌ನಲ್ಲಿ ಹಿಡಿದಿಟ್ಟು, ಒಳಗಿನ ಹಾರ್ಡ್‌ವೇರ್ ಜೊತೆ ನೇರವಾಗಿ ಮಾತಾಡುತ್ತೆ, ಅದಕ್ಕೇ ಖಾಲಿ ಚಿಪ್‌ಗೂ ಬರೆಯುತ್ತೆ. ಬೂಟ್‌ಲೋಡರ್ ಅಂದ್ರೆ ಆ ಪ್ರೋಗ್ರಾಮರ್ ಕೆಲಸದ ಒಂದು ಪಾಲನ್ನ ಚಿಪ್ ಒಳಗೇ ಇಟ್ಟಂಗೆ.

ಗಂಗಾವತಿ ಮೊಬೈಲ್ಸ್

ಬೂಟ್‌ಲೋಡರ್ ಅನ್‌ಲಾಕ್ ಮಾಡಿದ್ರ ವಾರಂಟಿ ಹೋಗ್ತೈತ್ರಿ, ಡೇಟಾನೂ ಪೂರ್ತಿ ಹೋಗ್ತೈತಿ, ಮೊದ್ಲು ಬ್ಯಾಕಪ್ ತಗೋರಿ. ಯಾವ ಕಂಪನಿ ಫೋನ್ ಅಂತ ಹೇಳಿಲ್ಲಲ್ಲ?

ಎಡದಂಡೆ, ಸಿಂಧನೂರು

ಇಲ್ರಿ ಅಣ್ಣಾರ, ಫೋನಿಂದಲ್ಲ, ಮೋಟರ್ ಬೋರ್ಡಿಂದು. ಆದ್ರೂ ಬ್ಯಾಕಪ್ ಅಂದಿದ್ದು ಛಲೋ ಆತು. ನನ್ನ ಚಿಪ್‌ನಾಗ ಇಇಪ್ರಾಮ್‌ನಾಗ ಆಯಾ ರೈತರ ಫೋನ್ ನಂಬರ್ ಅದಾವ, ಯಾರ ನಂಬರಿಂದ ಫೋನ್ ಬಂದ್ರ ಮೋಟರ್ ಚಾಲು ಆಗಬೇಕು ಅಂತ. ಮೇಡಂ, ಬೂಟ್‌ಲೋಡರ್ ಹಾಕಿದ್ರ ಅವೂ ಹೋಗ್ತಾವೇನ್ರಿ?

ಲ್ಯಾಬ್ ಮೇಡಂ, ಬಳ್ಳಾರಿ

ಹೋಗ್ತಾವೆ, ಇದು ನೆನಪಾಗಿದ್ದು ಒಳ್ಳೇದಾಯ್ತು. ಯುಎಸ್‌ಬಿಎಎಸ್‌ಪಿಯಲ್ಲಿ ಫ್ಲ್ಯಾಶ್ ಬರೆಯೋಕೆ ಮುಂಚೆ ಎವಿಆರ್‌ಡ್ಯೂಡ್ ಇಡೀ ಚಿಪ್ ಅಳಿಸುತ್ತೆ, ಅದರ ಜೊತೆ ಇಇಪ್ರಾಮೂ ಅಳಿಯುತ್ತೆ. ಅದನ್ನ ಉಳಿಸ್ಕೊಳ್ಳೋಕೆ ಇಇಸೇವ್ ಅಂತ ಒಂದು ಫ್ಯೂಸ್ ಇದೆ, ಫ್ಯೂಸ್ ಅಂದ್ರೆ ಇಲ್ಲಿ ಚಿಪ್ ಒಳಗಿನ ಒಂದು ಸೆಟ್ಟಿಂಗ್ ಬಿಟ್. ಅದಕ್ಕೇ ಮೊದಲು ಓದಿಟ್ಕೊಳ್ಳಿ, ಆಮೇಲೆ ಫ್ಯೂಸ್ ಬರೀರಿ, ಅದಾದ ಮೇಲೇ ಬೂಟ್‌ಲೋಡರ್. ಈ ಅನುಕ್ರಮ ಬದಲಾಯಿಸಬೇಡಿ.

```
avrdude -c usbasp -p m328p -U eeprom:r:board07.hex:i
avrdude -c usbasp -p m328p -U hfuse:w:0xD6:m
avrdude -c usbasp -p m328p -U flash:w:optiboot_atmega328.hex:i -U lock:w:0x0F:m
```

ಕೊನೇ ಸಾಲಿನ ಲಾಕ್ ಇದೆಯಲ್ಲ, ಅದು ಬದುವಿಗೆ ಬೇಲಿ ಹಾಕಿದಂಗೆ. ಮುಂದೆ ಸೀರಿಯಲ್‌ನಲ್ಲಿ ಏನೇ ತಪ್ಪಾಗಿ ಕಳಿಸಿದ್ರೂ ಬೂಟ್‌ಲೋಡರ್ ತನ್ನನ್ನ ತಾನು ಅಳಿಸ್ಕೊಳ್ಳೋಕೆ ಆಗಲ್ಲ. ಆದ್ರೆ ಮುಂದೆ ಯಾವತ್ತಾದ್ರೂ ಆ ಚಿಪ್‌ನ ಮತ್ತೆ ಯುಎಸ್‌ಬಿಎಎಸ್‌ಪಿಗೆ ಹಾಕಿ ಪ್ರೋಗ್ರಾಂ ಬರೆದ್ರೆ ಲಾಕೂ ಹೋಗುತ್ತೆ, ಬೂಟ್‌ಲೋಡರೂ ಹೋಗುತ್ತೆ.

ಆಮೇಲೆ ಹೊಲದಲ್ಲಿ ಸೀರಿಯಲ್‌ಗೆ ಇಷ್ಟು ಸಾಕು, ಕಾಮ್ ಪೋರ್ಟ್ ನಂಬರ್ ನಿಮ್ದು ಹಾಕ್ಕೊಳ್ಳಿ:

```
avrdude -c arduino -p m328p -P COM5 -b 115200 -D -U flash:w:motor3.hex:i
```

ಇದು ಇಇಪ್ರಾಮ್ ಮುಟ್ಟೋದೇ ಇಲ್ಲ, ನಂಬರ್ ಹಂಗೇ ಇರ್ತಾವೆ. ನಿಮ್ಮ ಹೆಡರ್‌ನಲ್ಲಿ ಡಿಟಿಆರ್ ಪಿನ್ ಇಲ್ಲ, ಅದಕ್ಕೆ ರಿಸೆಟ್ ಕೈಯಿಂದ ಮಾಡಬೇಕು. ಒಂದನೇ ಕಾಲು ಒಂದು ವೈರಿಂದ ಗ್ರೌಂಡ್‌ಗೆ ಮುಟ್ಟಿಸಿ ಹಿಡ್ಕೊಳ್ಳಿ, ಕಮಾಂಡ್‌ಗೆ ಎಂಟರ್ ಒತ್ತಿ, ಆಮೇಲೆ ವೈರ್ ಬಿಡಿ. ಬರೀ ಪವರ್ ತೆಗೆದು ಹಾಕಿದ್ರೆ ಆಗಲ್ಲ, ಆಪ್ಟಿಬೂಟ್ ರಿಸೆಟ್ ಕಾಲಿಂದ ರಿಸೆಟ್ ಆದಾಗ ಮಾತ್ರ ಕಾಯುತ್ತೆ, ಪವರ್ ಆನ್ ಆದಾಗ ನೇರ ಪ್ರೋಗ್ರಾಂಗೆ ಹೋಗುತ್ತೆ. ಮೊದಲು ಅಂಗಡೀಲಿ ಒಂದು ಚಿಪ್‌ನಲ್ಲಿ ಮಾಡಿ ನೋಡಿ.

ತೋರಣಗಲ್ ಶಿಫ್ಟ್

ನಾವು ಪ್ಲಾಂಟ್‌ನಲ್ಲಿ ಎಸ್‌ಟಿಎಂ32 ಬೋರ್ಡ್ ಮೇಲೆ ಕೆಲಸ ಮಾಡೋದು, ಎಫ್103. ಅದರಲ್ಲಿ ಈ ತಲೆನೋವೇ ಇಲ್ಲ ಸರ್, ಕಂಪನಿಯೋರೇ ಬೂಟ್‌ಲೋಡರ್‌ನ ಅಳಿಸೋಕಾಗದ ಜಾಗದಲ್ಲಿ ಇಟ್ಟು ಕೊಡ್ತಾರೆ. ಬೂಟ್ ಝೀರೋ ಜಂಪರ್ ಒಂದಕ್ಕೆ ಹಾಕಿ ರಿಸೆಟ್ ಒತ್ತಿದ್ರೆ ಪಿಎ9, ಪಿಎ10 ಕಾಲಲ್ಲಿ ಸೀರಿಯಲ್ ರೆಡಿ. ಹೊಸಾ ಚಿಪ್ ಆದ್ರೂ ಪ್ರೋಗ್ರಾಮರ್ ಬೇಡ. ನನಗೆ ಮೊದಲ ಸಲ ಎರಡು ದಿನ ತಿಂದಿದ್ದು ಪ್ಯಾರಿಟಿ, ಅದಕ್ಕೆ ಈವನ್ ಪ್ಯಾರಿಟಿ ಬೇಕು, ನಾನು ಸೀರಿಯಲ್ ಟರ್ಮಿನಲ್‌ನಲ್ಲಿ ಪ್ಯಾರಿಟಿ ಇಲ್ಲದೇ `0x7F` ಕಳಿಸಿ ಕಳಿಸಿ ಯಾಕೆ ಉತ್ತರ ಬರ್ತಿಲ್ಲ ಅಂತ ಬೋರ್ಡೇ ಬದಲಾಯಿಸಿದ್ದೆ. ಮುಂದಿನ ಡಿಸೈನ್‌ಗೆ ಎಸ್‌ಟಿಎಂಗೆ ಬನ್ನಿ.

ಎಡದಂಡೆ, ಸಿಂಧನೂರು

ಮುಂದಿಂದು ಮುಂದ ನೋಡೋಣ ಅಣ್ಣಾರ, ಈಗ 22 ಬೋರ್ಡ್ ಕುಂತಾವ.

ಮೇಡಂ, ನಿನ್ನೆ ರಾತ್ರಿ ಅಂಗಡ್ಯಾಗ ಕುಂತು ಒಂದು ಹೊಸಾ ಚಿಪ್ ತಗೊಂಡು, ಯಾವಾಗ್ಲೂ ಮಾಡೋ ಹಂಗ 16 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಲೋ ಫ್ಯೂಸ್ ಬರೆದು, ಬ್ರೆಡ್‌ಬೋರ್ಡ್ ಮ್ಯಾಲೆ ಮಾಡಿ ನೋಡಿದೆ. ಮೊದಲ್ನೇ ಸಲ ಸೀರಿಯಲ್‌ನಾಗ ಪ್ರೋಗ್ರಾಂ ಝಟ್ ಅಂತ ಹೋತು, ನಾಕೈದು ಸೆಕೆಂಡ್‌ನಾಗ ಮುಗೀತು, ಖುಷಿ ಆತು. ಅದ ಪ್ರೋಗ್ರಾಂನಾಗ ಒಂದು ನಂಬರ್ ಬದಲಿ ಮಾಡಿ ಎರಡ್ನೇ ಸಲ ಕಳಿಸೀನಿ, ಹೋಗ್ವಲ್ದು. ಇದ ಬರಾಕತ್ತೈತಿ:

```
avrdude: stk500_getsync() attempt 10 of 10: not in sync: resp=0x00
```

ವೈರ್ ಅದ, ಪೋರ್ಟ್ ಅದ, ರಿಸೆಟ್ ಹಂಗ ಹಿಡದು ಬಿಡಾಕತ್ತೀನಿ. ಮತ್ತ ಯುಎಸ್‌ಬಿಎಎಸ್‌ಪಿಯಿಂದ ಬೂಟ್‌ಲೋಡರ್ ಬರೆದ್ರ ಮತ್ತ ಒಂದು ಸಲ ಹೋಗ್ತೈತಿ, ಎರಡ್ನೇ ಸಲ ಇಲ್ಲ. ಮೂರು ಸಲ ಹಂಗ ಆತು.

ರಿಪೇರಿ ಅಣ್ಣ, ರಾಯಚೂರು

ಕನ್ವರ್ಟರ್ ಡ್ರೈವರ್ ಪ್ರಾಬ್ಲಂ ಅದು. ಡ್ರೈವರ್ ತೆಗೆದು ಹಳೇ ವರ್ಷನ್ ಹಾಕು. ಇಲ್ಲಾಂದ್ರ ಕೇಬಲ್.

ಕೊಪ್ಪಳ ಕಾಲೇಜ್ ಹುಡುಗ

ಡ್ರೈವರ್ ಆಗಿದ್ರ ಮೊದಲ್ನೇ ಸಲಾನೂ ಹೋಗ್ತಿರಲಿಲ್ಲಲ್ರಿ ಅಣ್ಣ. ಪ್ರೋಗ್ರಾಂ ಬರೆಯೋವಾಗ ಬೂಟ್‌ಲೋಡರ್ ಅಳಿಸಿ ಹೋಗಾಕತ್ತೈತಿ ಅನ್ಸ್ತೈತಿ ನಂಗ.

ಲ್ಯಾಬ್ ಮೇಡಂ, ಬಳ್ಳಾರಿ

ಹುಡುಗ ಹೇಳಿದ ಮೊದಲ ಮಾತು ಸರಿ, ಎರಡನೇದಲ್ಲ. ಲಾಕ್ ಹಾಕಿದ್ರೆ ಅದು ಅಳಿಯಲ್ಲ. ಎಡದಂಡೆ ಅವರೇ, ಒಂದೇ ಒಂದು ನೋಡಿ ಹೇಳಿ, ಈ ಕಮಾಂಡ್‌ಗೆ ಏನು ಬರುತ್ತೆ?

```
avrdude -c usbasp -p m328p -U hfuse:r:-:h
```

ಎಡದಂಡೆ, ಸಿಂಧನೂರು

`0xd9` ಅಂತ ಬಂತ್ರಿ. ಹೊಸಾ ಚಿಪ್‌ನಾಗ ನಂಬರ್ ಏನೂ ಇಲ್ಲಲ್ಲ, ಇಇಪ್ರಾಮ್ ಉಳಿಸೋದು ಏನೈತಿ ಅಂತ ನಡುವಿನ ಫ್ಯೂಸ್ ಸಾಲು ಬಿಟ್ಟು ಬರೇ ಮೂರನೇದು ಹೊಡದಿದ್ದೆ.

ಲ್ಯಾಬ್ ಮೇಡಂ, ಬಳ್ಳಾರಿ

ಸಿಕ್ತು. ಆ ಒಂದು ಸಾಲು ಇಇಪ್ರಾಮ್‌ಗೆ ಮಾತ್ರ ಅಲ್ಲ ಇದ್ದಿದ್ದು, ನಾನು ಸರಿಯಾಗಿ ಬಿಡಿಸಿ ಹೇಳಬೇಕಿತ್ತು. `0xD9` ಫ್ಯಾಕ್ಟರಿ ಬೆಲೆ. ಅದರಲ್ಲಿ ಕೊನೇ ಬಿಟ್ ಒಂದು, ಅಂದ್ರೆ ಬೂಟ್‌ರಿಸೆಟ್ ಫ್ಯೂಸ್ ಹಾಕಿಲ್ಲ ಅಂತ. ಆಗ ರಿಸೆಟ್ ಆದ ಚಿಪ್ ಬೂಟ್‌ಲೋಡರ್‌ಗೆ ಹಾರಲ್ಲ, ಸೊನ್ನೆ ವಿಳಾಸಕ್ಕೆ ಹೋಗುತ್ತೆ, ಅಂದ್ರೆ ನಿಮ್ಮ ಪ್ರೋಗ್ರಾಂ ಇರೋ ಜಾಗಕ್ಕೆ.

ಹಾಗಿದ್ರೆ ಮೊದಲನೇ ಸಲ ಹೆಂಗೆ ಹೋಯ್ತು ಅಂತ ಕೇಳ್ತೀರಿ. ಇದು ನನಗೆ ತುಂಬಾ ಇಷ್ಟವಾದ ವಿಷಯ, ಪ್ರತಿ ಬ್ಯಾಚ್‌ಗೂ ಮಾಡಿ ತೋರಿಸ್ತೀನಿ. ಆಗ ತಾನೇ ಬೂಟ್‌ಲೋಡರ್ ಬರೆದ ಚಿಪ್‌ನಲ್ಲಿ ಪ್ರೋಗ್ರಾಂ ಜಾಗ ಖಾಲಿ, ಎಲ್ಲಾ `0xFF`. ಚಿಪ್ ಸೊನ್ನೆಯಿಂದ ಶುರು ಮಾಡಿ ಆ ಖಾಲಿ ಜಾಗದಲ್ಲಿ ನಡ್ಕೊಂಡು ಹೋಗುತ್ತೆ, ಅಲ್ಲಿ ತಡೆಯೋದು ತಿರುಗಿಸೋದು ಏನೂ ಇಲ್ಲ, ಬಿತ್ತದ ಹೊಲದಲ್ಲಿ ಅಡ್ಡ ಹಾದು ಹೋದಂಗೆ. 16 ಸಾವಿರ ಚಿಲ್ಲರೆ ವರ್ಡ್, 16 ಮೆಗಾಹರ್ಟ್ಸ್‌ನಲ್ಲಿ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್‌ನಲ್ಲಿ ಆ ತುದಿಗೆ ತಲುಪಿ ತಾನಾಗೇ ಬೂಟ್‌ಲೋಡರ್ ಒಳಗೆ ಬೀಳುತ್ತೆ. ಆದ್ದರಿಂದ ಮೊದಲನೇ ಸಲ ಎಲ್ಲಾ ಸರಿ ಇದ್ದಂಗೇ ಕಾಣುತ್ತೆ. ಒಂದು ಸಲ ನಿಮ್ಮ ಪ್ರೋಗ್ರಾಂ ಬಂದು ಸೊನ್ನೆಯಲ್ಲಿ ಕೂತ ಮೇಲೆ ಚಿಪ್ ಅಲ್ಲೇ ಸುತ್ತುತ್ತೆ, ಬೂಟ್‌ಲೋಡರ್ ಇದ್ದಲ್ಲೇ ಇರುತ್ತೆ, ಅಲ್ಲಿಗೆ ಹೋಗೋರಿಲ್ಲ.

`0xD6` ಬರೀರಿ. ಅದರಲ್ಲಿ ಮೂರು ಸಂಗತಿ ಒಟ್ಟಿಗೆ ಇದೆ, ಬೂಟ್‌ಲೋಡರ್ ಜಾಗ 512 ಬೈಟ್ ಅಂತ, ರಿಸೆಟ್ ಆದ್ರೆ ಅಲ್ಲಿಗೇ ಹೋಗು ಅಂತ, ಚಿಪ್ ಅಳಿಸಿದ್ರೂ ಇಇಪ್ರಾಮ್ ಬಿಡು ಅಂತ.

ಕೊಪ್ಪಳ ಕಾಲೇಜ್ ಹುಡುಗ

ಅಬ್ಬಾ ಮೇಡಂ. ನಮ್ಮ ಪ್ರಾಜೆಕ್ಟ್‌ನಾಗೂ ಹೋದ ವರ್ಷ ಇದ ಆಗಿತ್ತು, ಒಂದು ಸಲ ಹೋಗಿ ನಿಂತಿತ್ತು, ಚಿಪ್ ಡೂಪ್ಲಿಕೇಟ್ ಅಂತ ಹೇಳಿ ಎರಡು ಚಿಪ್ ಕಸಕ್ಕ ಹಾಕಿದ್ವಿ.

ಎಡದಂಡೆ, ಸಿಂಧನೂರು

ಮೇಡಂ, `0xD6` ಹಾಕಿದ ಮ್ಯಾಲೆ ಹತ್ತು ಸಲ ಕಳಿಸೀನಿ, ಹತ್ತೂ ಹೋತು. ಕೈ ಮುಗೀತೀನ್ರಿ.

ಆದ್ರ ಹೊಸಾದೊಂದು ಬಂತು. ಬ್ರೆಡ್‌ಬೋರ್ಡ್ ಬಿಟ್ಟು ನನ್ನ ಖರೇ ಬೋರ್ಡ್‌ನಾಗ ಆ ಚಿಪ್ ಹಾಕಿ ರಿಸೆಟ್ ಕೊಟ್ಟೆ, ರಿಲೇ ಟಕ್ ಟಕ್ ಟಕ್ ಅಂತ ಮೂರು ಸಲ ಬಡೀತು! ಪ್ರೋಗ್ರಾಂನಾಗ ನಾನು ಹಂಗ ಎಲ್ಲೂ ಬರೆದಿಲ್ಲ. ಪವರ್ ತೆಗೆದು ಹಾಕಿದ್ರ ಬಡೆಯಂಗಿಲ್ಲ, ರಿಸೆಟ್ ಕೊಟ್ಟಾಗ ಅಷ್ಟ. ಇದರ ಹಿಂದ 7.5 ಎಚ್‌ಪಿ ಮೋಟರ್ ಇರ್ತೈತ್ರಿ, ಕಾಂಟ್ಯಾಕ್ಟರ್ ಹಂಗ ಬಡದ್ರ ಕಾಂಟ್ಯಾಕ್ಟ್ ಸುಟ್ಟು ಹೋಗ್ತಾವ, ಯಾರಾದ್ರೂ ಪಂಪ್ ಹತ್ರ ಕೈ ಹಾಕಿದ್ರ ಗತಿ ಏನು.

ಲ್ಯಾಬ್ ಮೇಡಂ, ಬಳ್ಳಾರಿ

ನಿಮ್ಮ ಮೊದಲ ಪೋಸ್ಟ್‌ನಲ್ಲೇ ರಿಲೇ 19ನೇ ಕಾಲಿಗೆ ಅಂತ ಬರೆದಿದ್ರಿ, ನಾನು ಓದಿಯೂ ಗಮನ ಕೊಡಲಿಲ್ಲ, ತಪ್ಪು ನಂದು. ಆ ಕಾಲೇ ಆರ್ಡುಯಿನೋದ 13ನೇ ಪಿನ್, ಊನೋದಲ್ಲಿ ಅಲ್ಲಿ ಒಂದು ಎಲ್‌ಇಡಿ ಇರುತ್ತೆ. ಆಪ್ಟಿಬೂಟ್ ಶುರುವಾದಾಗ ನಾನು ಬದುಕಿದ್ದೀನಿ ಅಂತ ತೋರಿಸೋಕೆ ಆ ಎಲ್‌ಇಡಿ ಮೂರು ಸಲ ಮಿಣುಕಿಸುತ್ತೆ, ಅರ್ಧ ಸೆಕೆಂಡಿಗೂ ಕಡಿಮೆ. ನಿಮ್ಮ ಬೋರ್ಡ್‌ನಲ್ಲಿ ಎಲ್‌ಇಡಿ ಜಾಗದಲ್ಲಿ ರಿಲೇ ಇದೆ, ಅದಕ್ಕೆ ಬಡಿತ. ಪವರ್ ಆನ್‌ನಲ್ಲಿ ಬಡಿಯದೇ ಇರೋದೂ ಅದಕ್ಕೇ, ಆಗ ಆಪ್ಟಿಬೂಟ್ ಕಾಯದೇ ಮುಂದೆ ಹೋಗುತ್ತಲ್ಲ.

ಇರೋ ಬೋರ್ಡ್‌ಗೆ ಕಾಲು ಬದಲಾಯಿಸೋಕೆ ಆಗಲ್ಲ, ಹಾಗಾಗಿ ಮಿಣುಕೋದನ್ನೇ ತೆಗೀಬೇಕು. ಆಪ್ಟಿಬೂಟ್ ಸೋರ್ಸ್ ಇಳಿಸ್ಕೊಂಡು ಹೀಗೆ ಕಟ್ಟಿದ್ರೆ ಹೊಸಾ ಹೆಕ್ಸ್ ಬರುತ್ತೆ, ಅದನ್ನೇ 22 ಚಿಪ್‌ಗೂ ಹಾಕಿ:

```
make atmega328 LED_START_FLASHES=0
```

ಒಂದು ನಷ್ಟ ಇದೆ. ಅದು ಮಿಣುಕೋದು ಒಳ್ಳೇ ಗುರುತು. ಸಿಂಕ್ ಆಗದಿದ್ದಾಗ ಎಲ್‌ಇಡಿ ಮಿಣುಕಿದ್ರೆ ಬೂಟ್‌ಲೋಡರ್ ಬದುಕಿದೆ, ತೊಂದರೆ ವೈರ್‌ನಲ್ಲೋ ಬಾಡ್ ರೇಟ್‌ನಲ್ಲೋ ಅಂತ ಗೊತ್ತಾಗುತ್ತೆ, ಮಿಣುಕದಿದ್ರೆ ಬೂಟ್‌ಲೋಡರ್ ಇಲ್ಲ, ಇಲ್ಲಾಂದ್ರೆ ಫ್ಯೂಸ್ ತಪ್ಪು. ನಿಮಗೆ ಆ ಗುರುತು ಇರಲ್ಲ. ಆದ್ರೂ ಮೋಟರ್ ಬೋರ್ಡ್‌ಗೆ ಬಡಿತ ಬೇಡವೇ ಬೇಡ.

ರಿಪೇರಿ ಅಣ್ಣ, ರಾಯಚೂರು

ಇದು ನಂಗೂ ಗೊತ್ತಿರಲಿಲ್ಲ. ನಾನು ನಾಕು ಗಿರಾಕಿಗೆ 13ನೇ ಪಿನ್ನಿಗೆ ರಿಲೇ ಹಾಕಿ ಕೊಟ್ಟೀನಿ, ನಾಳೆ ಹೋಗಿ ಬದಲಿ ಮಾಡಿ ಬರ್ತೀನಿ.

ತಮ್ಮಾ, ನನ್ನದೊಂದು ಮಾತು. ನಮ್ಮ ಕಡೆ ಕರೆಂಟ್ ಯಾವಾಗ ಹೋಗ್ತದ ಅಂತ ಹೇಳಾಕ ಬರಂಗಿಲ್ಲ. ಅರ್ಧ ಬರೆದಾಗ ಹೋದ್ರ ಚಿಪ್ ಸತ್ತಂಗ ಅಲ್ಲೇನು?

ಲ್ಯಾಬ್ ಮೇಡಂ, ಬಳ್ಳಾರಿ

ಚಿಪ್ ಸಾಯಲ್ಲ ಅಣ್ಣ. ಬೂಟ್‌ಲೋಡರ್ ಬೇಲಿ ಆಚೆ ಸುರಕ್ಷಿತ ಇರುತ್ತೆ, ಮತ್ತೆ ರಿಸೆಟ್ ಕೊಟ್ಟು ಮೊದಲಿಂದ ಕಳಿಸಿದ್ರೆ ಆಯ್ತು. ಆದ್ರೆ ಭಯ ಬೇರೆ ಕಡೆ ಇದೆ. ಆಪ್ಟಿಬೂಟ್ ಪ್ರೋಗ್ರಾಂ ಪೂರ್ತಿ ಇದೆಯಾ ಇಲ್ವಾ ಅಂತ ನೋಡೋದಿಲ್ಲ. ಕರೆಂಟ್ ವಾಪಸ್ ಬಂದಾಗ ಅರ್ಧ ಹೊಸದು ಅರ್ಧ ಹಳೇದು ಇರೋ ಪ್ರೋಗ್ರಾಂನ ಹಂಗೇ ಓಡಿಸುತ್ತೆ. ಅದು ರಿಲೇಗೆ ಏನು ಮಾಡುತ್ತೆ ಅಂತ ಯಾರೂ ಹೇಳೋಕಾಗಲ್ಲ.

ಹೊಲದಲ್ಲಿ ಕೂತು ಮಾಡೋದಾದ್ರೆ ಇದಕ್ಕೆ ಸುಲಭ ದಾರಿ ಇದೆ. ಸ್ಟಾರ್ಟರ್‌ನ ಮೇನ್ ಎಂಸಿಬಿ ಕೆಳಗೆ ಮಾಡಿ, ಬೋರ್ಡ್‌ಗೆ 5 ವೋಲ್ಟ್‌ನ ಲ್ಯಾಪ್‌ಟಾಪ್‌ನ ಕನ್ವರ್ಟರ್‌ನಿಂದಲೇ ಕೊಡಿ. ಆಗ ಕರೆಂಟ್ ಇದ್ರೇನು ಹೋದ್ರೇನು, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೀತಿರುತ್ತೆ. ರಿಲೇ ಎಷ್ಟೇ ಬಡಿದ್ರೂ ಕಾಂಟ್ಯಾಕ್ಟರ್‌ಗೆ ಸಪ್ಲೈ ಇಲ್ಲ. ಎವಿಆರ್‌ಡ್ಯೂಡ್ ವೆರಿಫೈಡ್ ಅಂತ ಹೇಳಿದ ಮೇಲೇ ಎಂಸಿಬಿ ಮೇಲೆ ಮಾಡಿ.

ಕೊಪ್ಪಳ ಕಾಲೇಜ್ ಹುಡುಗ

ಮೇಡಂ, ಒಂದು ಐಡಿಯಾ. ಮೊದಲ್ನೇ ಪೇಜ್ ಮೊದ್ಲ ಅಳಿಸಿಟ್ಟು, ಎಲ್ಲಾಕ್ಕಿಂತ ಕಡೀಗೆ ಬರೆದ್ರ? ನಡುವ ಕರೆಂಟ್ ಹೋದ್ರ ಮೊದಲ್ನೇ ಪೇಜ್ ಖಾಲಿ ಇರ್ತೈತಿ, ನೀವು ಹೇಳಿದಂಗ ಖಾಲಿ ಜಾಗದಾಗ ನಡ್ಕೊಂತ ಹೋಗಿ ಬೂಟ್‌ಲೋಡರ್‌ಗೆ ಬೀಳ್ತೈತಿ.

ಲ್ಯಾಬ್ ಮೇಡಂ, ಬಳ್ಳಾರಿ

ಯೋಚನೆ ಚೆನ್ನಾಗಿದೆ, ಆದ್ರೆ ನಡ್ಕೊಂಡು ಹೋಗೋದು ಬರೀ 128 ಬೈಟ್, ಅಷ್ಟಕ್ಕೇ ಎರಡನೇ ಪೇಜ್ ಬಂತು, ಅಲ್ಲಿ ಬರೆದಿದೆ. ಯಾವುದೋ ಫಂಕ್ಷನ್ ಮಧ್ಯಕ್ಕೆ ಬೀಳುತ್ತೆ. ಮೊದಲನೇ ಪೇಜ್ ಖಾಲಿ ಇದೆಯಾ ಅಂತ ಬೂಟ್‌ಲೋಡರೇ ನೋಡಿ, ಖಾಲಿ ಇದ್ರೆ ದಾರಿ ಬಿಡಬಾರದು, ಆಗ ನಿನ್ನ ಐಡಿಯಾ ನಿಲ್ಲುತ್ತೆ. ಅದಕ್ಕೆ ಆಪ್ಟಿಬೂಟ್ ತಿದ್ದಬೇಕು, ತಿದ್ದಿದ್ದು 512 ಬೈಟ್‌ನಲ್ಲಿ ಹಿಡಿಸುತ್ತಾ ನೋಡಬೇಕು. ಹಿಡಿಸದಿದ್ರೆ ಬೂಟ್ ಜಾಗ 1 ಕೆಬಿ ಮಾಡಬೇಕು, ಆಗ ಫ್ಯೂಸೂ ಬದಲಾಗುತ್ತೆ. ಮಾಡಿ ನೋಡು, ಇಲ್ಲಿ ಹಾಕು.

ತೋರಣಗಲ್ ಶಿಫ್ಟ್

ಅದಕ್ಕಿಂತ ಕೊನೇಲಿ ಸಿಆರ್‌ಸಿ ಇಟ್ಟು ಪ್ರತಿ ಸಲ ಬೂಟ್ ಆಗೋವಾಗ ಇಡೀ ಪ್ರೋಗ್ರಾಂ ತಾಳೆ ನೋಡೋದು ಸರಿ. ನಮ್ಮಲ್ಲಿ ಹಂಗೇ ಮಾಡೋದು. ಖಾಲಿ ಪೇಜ್ ನೋಡಿದ್ರೆ ಅರ್ಧ ಬರೆದಿದ್ದು ಮಾತ್ರ ಗೊತ್ತಾಗುತ್ತೆ, ಒಳಗೆ ಎಲ್ಲೋ ಒಂದು ಬೈಟ್ ಕೆಟ್ಟಿದ್ರೆ ಗೊತ್ತಾಗಲ್ಲ.

ಲ್ಯಾಬ್ ಮೇಡಂ, ಬಳ್ಳಾರಿ

ಬೈಟ್ ಕೆಟ್ಟಿದ್ರೆ ಎವಿಆರ್‌ಡ್ಯೂಡ್ ಓದಿ ನೋಡುವಾಗ ಹೇಳುತ್ತಲ್ಲ ಸರ್, ಹೊಲದಲ್ಲಿ ಮನುಷ್ಯ ಕೂತಿರ್ತಾನೆ. ಮನುಷ್ಯ ಇಲ್ಲದ ಕಡೆ ನೀವು ಹೇಳಿದ್ದೇ ಸರಿ.

ಎಡದಂಡೆ, ಸಿಂಧನೂರು

ಹತ್ತು ದಿನ ಆದ ಮ್ಯಾಲೆ ಬರದೀನ್ರಿ, ತಡ ಆತು. ಮಿಣುಕೋದು ತೆಗೆದ ಬೂಟ್‌ಲೋಡರ್ 22 ಚಿಪ್‌ಗೂ ಹಾಕಿದೆ, ನಂಬರ್ ಎಲ್ಲಾ ಮೊದ್ಲು ಓದಿ ಇಟ್ಕೊಂಡೆ, ಒಂದೂ ಹೋಗಿಲ್ಲ. ಲಿಮಿಟ್ ಎಷ್ಟು ಇಳಿಸಬೇಕು ಅಂತ ಎರಡು ಸಲ ಬದಲಿ ಮಾಡ್ದೆ, ಎರಡ್ನೇ ಸಲದ್ದು ಎಲ್ಲಾ ಹೊಲದಾಗೇ ಸೀರಿಯಲ್‌ನಾಗ.

ಮೊದಲ್ನೇ ಹೊಲದಾಗ ಅರ್ಧ ತಾಸು ಪರದಾಡಿದೆ. ಅಂಗಡ್ಯಾಗ ಹೋಗಿದ್ದು ಅಲ್ಲಿ ಸಿಂಕ್ ಆಗ್ವಲ್ದು, ಅದ `not in sync`. ಫ್ಯೂಸ್ ಸರಿ ಐತಿ, ವೈರ್ ಸರಿ ಐತಿ. ಕನ್ವರ್ಟರ್‌ನ ಟಿಎಕ್ಸ್ ಆರ್‌ಎಕ್ಸ್ ಎರಡೂ ಕೂಡಿಸಿ ಟರ್ಮಿನಲ್‌ನಾಗ ಒತ್ತಿ ನೋಡಿದೆ, ಒತ್ತಿದ ಅಕ್ಷರ ವಾಪಸ್ ಬಂತು, ಅಂದ್ರ ಕನ್ವರ್ಟರೂ ಸರಿ ಐತಿ. ಆಮ್ಯಾಲೆ ನೋಡ್ತೀನಿ, ಜಿಎಸ್‌ಎಂ ಮಾಡ್ಯೂಲ್ ಅದ ಆರ್‌ಎಕ್ಸ್ ಕಾಲಿಗೆ ಐತಿ! ಅಂಗಡ್ಯಾಗ ಮಾಡ್ಯೂಲ್ ತೆಗೆದಿಟ್ಟಿದ್ದೆ, ಅದಕ್ಕ ಹೋಗಿತ್ತು. ಇಲ್ಲಿ ಕನ್ವರ್ಟರ್ ಲೈನ್ ಕೆಳಗ ಎಳಿತೈತಿ, ಮಾಡ್ಯೂಲ್ ಮ್ಯಾಲೆ ಹಿಡದೈತಿ, ಒಂದು ಹಗ್ಗಕ್ಕ ಎರಡು ಎತ್ತು ಆ ಕಡೆ ಈ ಕಡೆ ಜಗ್ಗಿದಂಗ. ಮಾಡ್ಯೂಲ್ ಸಾಕೆಟ್‌ನಿಂದ ತೆಗೆದು ಕಳಿಸಿದೆ, ಒಂದ ಸಲಕ್ಕ ಹೋತು.

ಲ್ಯಾಬ್ ಮೇಡಂ, ಬಳ್ಳಾರಿ

ಸರಿಯಾಗಿ ಹಿಡಿದ್ರಿ. ಮುಂದಿನ ಬೋರ್ಡ್‌ನಲ್ಲಿ ಮಾಡ್ಯೂಲ್‌ನ ಟಿಎಕ್ಸ್ ಲೈನ್‌ಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆಗ ಕನ್ವರ್ಟರ್ ಜಗ್ಗಿದ ಕಡೆಗೇ ಲೈನ್ ಹೋಗುತ್ತೆ. ಆದ್ರೂ ಅಪ್‌ಡೇಟ್ ಮಾಡೋವಾಗ ಯಾರಾದ್ರೂ ಆ ನಂಬರ್‌ಗೆ ಫೋನ್ ಹಚ್ಚಬಾರದು, ಮಾಡ್ಯೂಲ್ ರಿಂಗ್ ಅಂತ ಕಳಿಸೋ ಅಕ್ಷರ ಮಧ್ಯ ನುಗ್ಗಬಹುದು, ಅದಕ್ಕೆ ಮಾಡ್ಯೂಲ್ ತೆಗೆಯೋದೇ ವಾಸಿ.

ಹೆಡರ್‌ಗೆ ಡಿಟಿಆರ್ ಪಿನ್ ಸೇರಿಸಿ, ಅದರಿಂದ ರಿಸೆಟ್ ಕಾಲಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ರಿಸೆಟ್‌ನಿಂದ 5 ವೋಲ್ಟ್‌ಗೆ 10 ಕಿಲೋ ಓಮ್. ಎವಿಆರ್‌ಡ್ಯೂಡ್ ಪೋರ್ಟ್ ತೆರೆದಾಗ ತಾನೇ ರಿಸೆಟ್ ಕೊಡುತ್ತೆ, ವೈರ್ ಹಿಡಿಯೋದು ತಪ್ಪುತ್ತೆ. ಆದ್ರೆ ಗಮನ ಇರಲಿ, ಕೆಪಾಸಿಟರ್ ಇದ್ರೆ ಸೀರಿಯಲ್ ಮಾನಿಟರ್ ತೆರೆದ್ರೂ ಚಿಪ್ ರಿಸೆಟ್ ಆಗುತ್ತೆ, ಓಡ್ತಿರೋ ಮೋಟರ್ ಬಂದ್ ಆಗುತ್ತೆ. ಅದಕ್ಕೆ ಒಂದು ಜಂಪರ್ ಇಡಿ. ರಿಲೇನ 19 ಬಿಟ್ಟು ಬೇರೆ ಕಾಲಿಗೆ ಹಾಕಿ.

ಎಡದಂಡೆ, ಸಿಂಧನೂರು

ಆಗ್ಲಿ ಮೇಡಂ, ಹೊಸಾ ಬೋರ್ಡ್ ಚಿತ್ರ ಬರೆಯಾಕತ್ತೀನಿ, ಮುಗಿದ ಮ್ಯಾಲೆ ಇಲ್ಲೇ ಹಾಕ್ತೀನಿ, ನೋಡಿ ಹೇಳ್ರಿ. 21 ಬೋರ್ಡ್ ಆದವು. ಮಸ್ಕಿ ಹತ್ರಿಂದು ಒಂದು ಉಳದೈತಿ, ಅದಕ್ಕ ಮಾಡ್ಯೂಲ್ ತೆಗೆದ್ರೂ ಸಿಂಕ್ ಆಗ್ವಲ್ದು, ಆದ್ರ ಮೋಟರ್ ಚಾಲು ಬಂದ್ ಸರಿ ಆಗಾಕತ್ತೈತಿ. ಆರ್‌ಎಕ್ಸ್ ಕಾಲಿನ ಟ್ರ್ಯಾಕ್ ನೋಡಿದೆ, ಕಡದಿಲ್ಲ.

ಕೊಪ್ಪಳ ಕಾಲೇಜ್ ಹುಡುಗ

ಟಿಎಕ್ಸ್ ಕಾಲು ನೋಡಿದ್ರೇನು ಅಣ್ಣ? ಫೋನ್ ಬಂದಿದ್ದು ಗೊತ್ತಾಗಾಕ ಚಿಪ್ಪಿನ ಆರ್‌ಎಕ್ಸ್ ಒಂದ ಸಾಕು, ಟಿಎಕ್ಸ್ ಹೋಗಿದ್ರ ಮೋಟರ್ ಚಾಲು ಆಗ್ತೈತಿ, ಆದ್ರ ಬೂಟ್‌ಲೋಡರ್ ಹೇಳಿದ ಉತ್ತರ ಲ್ಯಾಪ್‌ಟಾಪ್‌ಗೆ ಮುಟ್ಟಂಗಿಲ್ಲ.

ಎಡದಂಡೆ, ಸಿಂಧನೂರು

ಅದು ನೋಡಿಲ್ಲ ತಮ್ಮಾ. ಐತ್ವಾರ ಆ ಕಡೆ ಹೊಂಟೀನಿ, ಮೀಟರ್ ತಗೊಂಡು ಹೋಗಿ ಮೂರನೇ ಕಾಲಿಂದ ಹೆಡರ್‌ತನಕ ನೋಡಿ ಬಂದು ಹೇಳ್ತೀನಿ.